103ರಲ್ಲಿ ಆಡುತ್ತಿದ್ದ ಮಗು, 98ರಲ್ಲಿ ಮಲಗಿತು

ಆ ತಾಯಿ ಬುಧವಾರ ಬೆಳಿಗ್ಗೆ ಹತ್ತೂವರೆಗೆ ಆಸ್ಪತ್ರೆಯಲ್ಲಿ ನನ್ನ ಕೋಣೆಯೊಳಗೆ ಬಂದವರೇ ಮೊದಲು ನನ್ನ ಮುಂದೆ ಒಂದು ನೋಟ್‌ಬುಕ್ ಇಟ್ಟರು. ಹಾಲಿನ ಲೆಕ್ಕ ಬರೆಯುವ ಪುಸ್ತಕ. ಅದರ ಕೊನೆಯ ಎರಡು ಪುಟದ ತುಂಬಾ ಮಗುವಿನ ಜ್ವರದ ಲೆಕ್ಕ. ಸಂಜೆ ಏಳರಿಂದ ಬೆಳಗಿನವರೆಗೆ ಸುಮಾರು ಮುಕ್ಕಾಲು ಗಂಟೆಗೊಂದು ಸಲ ನೋಡಿ ಬರೆದಿದ್ದರು. 102.6, 102.2, 101.4, ಮತ್ತೆ 102.9. ಅವರ ಕಣ್ಣು ಕೆಂಪಗಾಗಿತ್ತು. ಹಿಂದೆ ಅಜ್ಜಿಯ ಸೊಂಟದ ಮೇಲೆ ಮಗು.

ಎರಡು ವರ್ಷ ಎಂಟು ತಿಂಗಳ ಹುಡುಗ, ತೂಕ 12 ಕೆಜಿ. ಮನೆಯಲ್ಲಿ ಪುಟ್ಟ ಅಂತ ಕರೆಯುತ್ತಾರಂತೆ, ನಾನೂ ಹಾಗೇ ಕರೆಯುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಔಷಧಿಯ ಅಳತೆ, ದಿನಗಳ ಕ್ರಮ, ನನ್ನಿಂದ ಆದ ತಪ್ಪು, ಇವು ಇದ್ದ ಹಾಗೇ ಇವೆ.

ಒಂದು ರಾತ್ರಿಯ ಲೆಕ್ಕ

ಮಂಗಳವಾರ ಸಂಜೆ ಜ್ವರ ಬಂದಾಗ ಪುಟ್ಟ ಹಜಾರದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮೈ ಬಿಸಿ ಅಂತ ಅಜ್ಜಿ ಹೇಳಿದರು, ಥರ್ಮಾಮೀಟರ್ ಇಟ್ಟರೆ 102.6. ಮನೆಯಲ್ಲಿದ್ದ ಪ್ಯಾರಸಿಟಮಾಲ್ ಸಿರಪ್ಪನ್ನು ಮುಚ್ಚಳದ 5 ಮಿಲೀ ಗೆರೆಯವರೆಗೆ ಹಾಕಿ ಕುಡಿಸಿದರು. ಒಂದೂವರೆ ಗಂಟೆ ಆದ ಮೇಲೆ 101.4. 'ಇಳಿದೇ ಇಲ್ಲ' ಅಂತ ಗಾಬರಿ. ಅಪ್ಪ ಮೆಡಿಕಲ್ ಶಾಪಿಗೆ ಓಡಿದರು. ಅಲ್ಲಿ ಇನ್ನೊಂದು ಸಿರಪ್ ಕೊಟ್ಟರು, 'ಇದು ಸ್ವಲ್ಪ ಸ್ಟ್ರಾಂಗ್' ಅಂತ. ಒಂಬತ್ತಕ್ಕೆ ಅದು 5 ಮಿಲೀ. ಹನ್ನೊಂದೂವರೆಗೆ ಮತ್ತೆ ಮೊದಲಿನದು. ಎರಡಕ್ಕೆ ಸ್ಟ್ರಾಂಗ್ ಸಿರಪ್. ನಾಲ್ಕಕ್ಕೆ ಮತ್ತು ಏಳಕ್ಕೆ ಮೊದಲಿನದು. ಹನ್ನೊಂದೂವರೆಯಿಂದ ನಾಲ್ಕರವರೆಗಿನ ಮೂರೂ ಸಲ ಮಗುವನ್ನು ನಿದ್ದೆಯಿಂದ ಎಬ್ಬಿಸಿ ಕುಡಿಸಿದ್ದಾರೆ. ನಡುವೆ ತಣ್ಣೀರು ಬಟ್ಟೆ. ಒಂದು ಸಲ ವಾಂತಿ ಬೇರೆ.

ಎರಡೂ ಬಾಟಲಿ ತೋರಿಸಿ ಅಂದೆ. ಮೊದಲನೆಯದರ 5 ಮಿಲೀಯಲ್ಲಿ 250 ಮಿಲಿಗ್ರಾಂ ಪ್ಯಾರಸಿಟಮಾಲ್. ಎರಡನೆಯದರಲ್ಲಿ ಪ್ಯಾರಸಿಟಮಾಲ್ 125, ಜೊತೆಗೆ ಜ್ವರ, ನೋವಿಗೇ ಕೊಡುವ ಇನ್ನೊಂದು ಔಷಧಿ ಮೆಫೆನಾಮಿಕ್ ಆಸಿಡ್ 50. ಅಂದರೆ 'ಬೇರೆ ಔಷಧಿ' ಅಂದುಕೊಂಡಿದ್ದರಲ್ಲೂ ಅದೇ ಪ್ಯಾರಸಿಟಮಾಲ್ ಇತ್ತು. ನಾಲ್ಕು ಸಲದ 1000, ಎರಡು ಸಲದ 250, ಒಟ್ಟು 1250 ಮಿಲಿಗ್ರಾಂ. ಹನ್ನೆರಡು ಗಂಟೆಯೊಳಗೆ.

ಆ ಮಗುವಿಗೆ ಎಷ್ಟು ಬೇಕಿತ್ತು ನೋಡಿ. ಒಂದು ಸಲಕ್ಕೆ ಒಂದು ಕೆಜಿಗೆ 15 ಮಿಲಿಗ್ರಾಂ. ಹನ್ನೆರಡು ಕೆಜಿಗೆ 180. ಅವರ ಸಿರಪ್ಪಿನಲ್ಲಿ ಅದು ಮೂರೂವರೆ ಮಿಲೀ ಆಗುತ್ತದೆ, 5 ಅಲ್ಲ. ಎರಡು ಸಲದ ನಡುವೆ ಕಡಿಮೆ ಅಂದರೂ ನಾಲ್ಕು, ಸಾಧ್ಯವಾದರೆ ಆರು ಗಂಟೆ ಬಿಡಬೇಕು. ದಿನಕ್ಕೆ ನಾಲ್ಕು ಸಲ ದಾಟಬಾರದು. ಇಡೀ 24 ಗಂಟೆಗೆ 720 ಮಿಲಿಗ್ರಾಂ ಅವನ ಮಿತಿ. ಅವರು ಒಂದೇ ರಾತ್ರಿಯಲ್ಲಿ ಅದನ್ನು ದಾಟಿ ತುಂಬಾ ದೂರ ಹೋಗಿದ್ದರು. ಒಂದು ದಿನ ಇಷ್ಟಾದರೆ ಸಾಮಾನ್ಯವಾಗಿ ಲಿವರ್ ತಡೆದುಕೊಳ್ಳುತ್ತದೆ. ಇದೇ ಲೆಕ್ಕ ಮೂರು ದಿನ ನಡೆದರೆ ಅದು ವಿಷವೇ.

ಆ ತಾಯಿ ಬಿ.ಎಸ್ಸಿ. ಓದಿದವರು, ಲೆಕ್ಕ ಬಲ್ಲವರು. ಆದರೂ ಹೀಗೆ ಹೇಗಾಯಿತು? ಅವರು ಕಾಯುತ್ತಿದ್ದುದು 98.6 ಎಂಬ ಒಂದು ಸಂಖ್ಯೆಗೆ. ಪ್ಯಾರಸಿಟಮಾಲ್ ಕೆಲಸ ಶುರುಮಾಡಲು ಅರ್ಧದಿಂದ ಒಂದು ಗಂಟೆ ಬೇಕು. ಪೂರ್ತಿ ಪರಿಣಾಮ ಕಾಣಲು ಎರಡು ಮೂರು ಗಂಟೆ. ಅಷ್ಟಾದ ಮೇಲೂ ಅದು ಸಾಮಾನ್ಯವಾಗಿ ಇಳಿಸುವುದು ಒಂದೆರಡು ಡಿಗ್ರಿ ಫ್ಯಾರನ್‌ಹೀಟ್ ಮಾತ್ರ. 102.6 ಇದ್ದದ್ದು 101.4ಕ್ಕೆ ಬಂತು ಅಂದರೆ ಔಷಧಿ ತನ್ನ ಕೆಲಸ ಮಾಡಿದೆ ಅಂತಲೇ ಅರ್ಥ. ಮನೆಯವರಿಗೆ ಅದು ಸೋಲಿನ ಹಾಗೆ ಕಂಡಿತು. ಸೋತಿತು ಅನ್ನಿಸಿದಾಗ ಯಾರಾದರೂ ಇನ್ನೊಂದು ಸಲ ಕೊಡುತ್ತಾರೆ, ಅಲ್ವಾ?

'ಜ್ವರ ನೆತ್ತಿಗೇರುತ್ತೆ ಡಾಕ್ಟ್ರಮ್ಮ' ಅಂದರು ಅಜ್ಜಿ. ಅವರ ಭಯಕ್ಕೂ ಒಂದು ಕಾರಣ ಇತ್ತು. ಈ ಹುಡುಗನ ಚಿಕ್ಕಪ್ಪನಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಫಿಟ್ಸ್ ಆಗಿತ್ತಂತೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಹೀಗಾಗುವುದು ನಿಜ. ನೋಡಿದವರ ಜೀವ ಬಾಯಿಗೆ ಬರುವುದೂ ನಿಜ. ಆದರೆ ಜ್ವರದ ಔಷಧಿ ಕೊಡುತ್ತಿದ್ದರೆ ಫಿಟ್ಸ್ ತಪ್ಪುತ್ತದೆ ಅನ್ನುವುದನ್ನು ಬ್ರಿಟನ್ನಿನ, ಅಮೆರಿಕದ ವೈದ್ಯರ ಮಾರ್ಗಸೂಚಿಗಳು ಒಪ್ಪುವುದಿಲ್ಲ. ಎಷ್ಟೋ ಮಕ್ಕಳಿಗೆ ಜ್ವರ ಇದೆ ಅಂತ ಮನೆಯವರಿಗೆ ಗೊತ್ತಾಗುವ ಮೊದಲೇ ಫಿಟ್ಸ್ ಆಗಿರುತ್ತದೆ.

ಇನ್ನು ನೆತ್ತಿಗೇರುವ ಮಾತು. ಸೋಂಕು ಬಂದಾಗ ಮೆದುಳೇ ಮೈಯ ಬಿಸಿಯ ಗುರಿಯನ್ನು ಮೇಲಕ್ಕೆ ಇಡುತ್ತದೆ. ಬೇಕಂತಲೇ ಇಟ್ಟ ಬಿಸಿ ಅದು, ಅದಕ್ಕೆ ಒಂದು ಮಿತಿಯನ್ನೂ ಅದೇ ಇಟ್ಟಿರುತ್ತದೆ. ಅದಕ್ಕೇ ಇಂಥ ಜ್ವರ 106 ದಾಟುವುದು ಅಪರೂಪ. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಸಿಕ್ಕಿಬಿದ್ದ ಮಗುವಿನ ಮೈ ಕಾದರೆ ಅದರ ಕಥೆಯೇ ಬೇರೆ. ಅಲ್ಲಿ ಮಿತಿ ಅನ್ನುವುದು ಇಲ್ಲ, ಪ್ಯಾರಸಿಟಮಾಲ್‌ನಿಂದ ಉಪಯೋಗವೂ ಇಲ್ಲ.

ನಾನು ನೋಡಿದ ಮಗು

ಇಷ್ಟೆಲ್ಲ ಮಾತಾಡುವಾಗ ಪುಟ್ಟ ಅಜ್ಜಿಯ ಸೊಂಟದಿಂದ ಜಾರಿ ಇಳಿದು ನನ್ನ ಸ್ಟೆತಸ್ಕೋಪ್ ಎಳೆಯುತ್ತಿದ್ದ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ, 103.1. ಬೆಳಿಗ್ಗೆ ಏಳಕ್ಕೆ ಔಷಧಿ ಹಾಕಿದ ಮೇಲೂ ಅಷ್ಟಿತ್ತು. ತಾಯಿ 'ಅಯ್ಯೋ' ಅಂತ ಬ್ಯಾಗಿಗೆ ಕೈ ಹಾಕಿದರು. ಬಾಟಲಿ ತೆಗೆಯೋಕೆ.

'ಒಂದು ನಿಮಿಷ ಇರಮ್ಮ, ಮೊದಲು ಅವನನ್ನ ನೋಡಿ' ಅಂದೆ.

ನಾನು ನೋಡುತ್ತಿದ್ದುದು ಇಷ್ಟು. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನಾ? ನೋಡುತ್ತಾನೆ. ಅಮ್ಮ ಎತ್ತಿಕೊಂಡರೆ ಅಳು ನಿಲ್ಲುತ್ತಾ? ನಿಲ್ಲುತ್ತೆ. ಅವನಿಗೆ ಕೊಟ್ಟ ಲೋಟದ ನೀರನ್ನು ಅರ್ಧ ಕುಡಿದು ಉಳಿದಿದ್ದನ್ನು ನನ್ನ ಮೇಜಿನ ಮೇಲೆ ಚೆಲ್ಲಿದ. ಬೆಳಿಗ್ಗೆಯಿಂದ ಎರಡು ಸಲ ಉಚ್ಚೆ ಹೊಯ್ದಿದ್ದ. ಅಂಗಿ ಎತ್ತಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದೆ, 34. ಈ ವಯಸ್ಸಿಗೆ 40ರ ಒಳಗಿದ್ದರೆ ಸರಿ, ಪಕ್ಕೆ ಒಳಗೆ ಸೆಳೆಯುತ್ತಲೂ ಇರಲಿಲ್ಲ. ಬೆರಳ ತುದಿ ಒತ್ತಿ ಬಿಟ್ಟರೆ ತಕ್ಷಣ ಕೆಂಪು ವಾಪಸ್ ಬರುತ್ತಿತ್ತು. ಕತ್ತು ಆರಾಮಾಗಿ ಬಗ್ಗುತ್ತಿತ್ತು. ಮೈ ಮೇಲೆ ಗುಳ್ಳೆ, ಚುಕ್ಕೆ ಏನೂ ಇಲ್ಲ. ಮೈ ಸುಡುತ್ತಿತ್ತು, ಮಗು ಚೆನ್ನಾಗಿತ್ತು. ಸ್ವಲ್ಪ ಕಿರಿಕಿರಿ ಇತ್ತು, ಅದಕ್ಕೆ ಅರ್ಧ ಕಾರಣ ರಾತ್ರಿಯೆಲ್ಲ ಎಬ್ಬಿಸಿದ್ದು.

ಔಷಧಿ ಬೇಕಾ ಅನ್ನುವುದಕ್ಕೆ ಉತ್ತರ ಇಲ್ಲೇ ಇತ್ತು. ಪ್ಯಾರಸಿಟಮಾಲ್ ಜ್ವರದ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಬೇಗ ಮುಗಿಸುವುದೂ ಇಲ್ಲ. ತಲೆನೋವು, ಮೈ ಕೈ ನೋವು, ನರಳಾಟ ಕಡಿಮೆ ಮಾಡುತ್ತದೆ. ಅಷ್ಟರಿಂದ ಮಗು ನಾಲ್ಕು ಗುಟುಕು ಹೆಚ್ಚು ಕುಡಿಯುತ್ತದೆ, ನಿದ್ದೆ ಮಾಡುತ್ತದೆ. ನರಳದೆ ಸ್ಟೆತಸ್ಕೋಪ್ ಎಳೆಯುವ ಮಗುವಿಗೆ ಅದರಿಂದ ಸಿಗುವುದು ಏನೂ ಇಲ್ಲ.

ಆದರೆ ಅವತ್ತು ನನಗೆ ಇನ್ನೊಂದು ಕಾರಣವೂ ಇತ್ತು. ಮಿತಿ ದಾಟಿತ್ತಲ್ಲ, ಸಂಜೆ ಏಳರವರೆಗೆ ಪ್ಯಾರಸಿಟಮಾಲ್ ಕೊಡಲೇಬಾರದು ಅಂದೆ. ಸ್ಟ್ರಾಂಗ್ ಸಿರಪ್ಪಂತೂ ಬೇಡವೇ ಬೇಡ. ಮಳೆಗಾಲ, ಅವರ ಬೀದಿಯಲ್ಲಿ ಆಗಲೇ ಇಬ್ಬರಿಗೆ ಡೆಂಗಿ ಆಗಿತ್ತು. ಡೆಂಗಿ ಇರಬಹುದು ಅನ್ನುವ ಕಾಲದಲ್ಲಿ ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್ ಎರಡನ್ನೂ ದೂರ ಇಡಬೇಕು. ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಜಾಸ್ತಿ ಮಾಡುತ್ತವೆ. ತಣ್ಣೀರು ಬಟ್ಟೆಯನ್ನೂ ನಿಲ್ಲಿಸಿ ಅಂದೆ. ಮೆದುಳು ಬಿಸಿ ಏರಿಸಲು ಹೊರಟಾಗ ಹೊರಗಿಂದ ತಣ್ಣಗೆ ಮಾಡಿದರೆ ಮಗು ನಡುಗುತ್ತದೆ, ಹಿಂಸೆ ಪಡುತ್ತದೆ. ತೆಳ್ಳನೆ ಬಟ್ಟೆ, ಗಾಳಿ, ಕುಡಿಯಲು ಗಂಜಿ, ಮಜ್ಜಿಗೆ, ಎಳನೀರು ಸಾಕು.

ಇಡೀ ಹಗಲು ಔಷಧಿ ಇಲ್ಲದೆ 103ರ ಮಗುವಿನ ಜೊತೆ ಇರುವುದು ಆ ತಾಯಿಗೆ ಸುಲಭ ಇರಲಿಲ್ಲ. ಎರಡು ಸಲ ಫೋನ್ ಮಾಡಿದರು. ಮೊದಲ ಸಲ '103.4 ಇದೆ ಮೇಡಂ' ಅಂದರು. ಏನು ಮಾಡ್ತಿದಾನೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ಬಕೆಟ್‌ನಲ್ಲಿ ಕೂತಿದಾನೆ'.

ಆ ರಾತ್ರಿಯ ಪುಟ

ಬುಧವಾರ ರಾತ್ರಿಯ ಪುಟ ನನಗೆ ತುಂಬಾ ಇಷ್ಟ. ಎಂಟು ಗಂಟೆಗೆ 100.9 ಅಂತ ಇದೆ. ಪಕ್ಕದಲ್ಲಿ 'ತೊಡೆ ಹಿಡ್ಕೊಂಡು ಅಳ್ತಿದಾನೆ, ಲೈಟ್ ಬೇಡ ಅಂತಾನೆ, ಏನೂ ಕುಡೀತಿಲ್ಲ'. ಅದಕ್ಕೆ ಮೂರೂವರೆ ಮಿಲೀ ಕೊಟ್ಟಿದ್ದಾರೆ, ಮುಚ್ಚಳ ಬಿಟ್ಟು ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು. ಒಂಬತ್ತೂಕಾಲಿಗೆ ಅನ್ನ ಮೊಸರು ತಿಂದ ಅಂತ ಇದೆ. ರಾತ್ರಿ ಒಂದು ಗಂಟೆಗೆ 103.3. ಪಕ್ಕದಲ್ಲಿ 'ನಿದ್ದೆ. ಉಸಿರು ಸರಿ ಇದೆ. ಎಬ್ಬಿಸಲಿಲ್ಲ'. ನಾಲ್ಕಕ್ಕೆ 'ಬೆವರಿದಾನೆ'.

ಹಿಂದಿನ ರಾತ್ರಿಯ ಲೆಕ್ಕದಲ್ಲಿ ಇದು ಪೂರ್ತಿ ತಲೆಕೆಳಗು. 100.9ಕ್ಕೆ ಔಷಧಿ, 103.3ಕ್ಕೆ ಇಲ್ಲ. ಆದರೆ ಎರಡೂ ಸರಿ. ಸಂಖ್ಯೆ ಕಡಿಮೆ ಇದ್ದಾಗ ಮಗು ನರಳುತ್ತಿತ್ತು, ಜಾಸ್ತಿ ಇದ್ದಾಗ ಹಾಯಾಗಿ ಮಲಗಿತ್ತು. ಹಾಯಾಗಿ ಮಲಗಿದೆಯೋ ಮಂಕಾಗಿ ಬಿದ್ದಿದೆಯೋ ಹೇಗೆ ತಿಳಿಯುವುದು ಅಂತ ತಾಯಂದಿರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ನಿದ್ದೆಯಲ್ಲಿರುವ ಮಗುವಿನ ಕೆನ್ನೆ ಮುಟ್ಟಿದರೆ ಮುಖ ಸಿಂಡರಿಸುತ್ತದೆ, ಕೈ ತಳ್ಳುತ್ತದೆ, ಮಗ್ಗುಲು ಬದಲಿಸುತ್ತದೆ. ಮಂಕಾದ ಮಗು ಮುಟ್ಟಿದರೂ, ಕರೆದರೂ ಸುಮ್ನೆ ಇರುತ್ತದೆ. ಕಣ್ಣು ಬಿಟ್ಟರೂ ಎಲ್ಲೋ ನೋಡುತ್ತದೆ.

ಒಂದು ವಿಷಯ ಇಲ್ಲಿ ಸೇರಿಸಬೇಕು. ಜ್ವರ ಏರುತ್ತಿರುವ ಅರ್ಧ ಗಂಟೆ ಯಾವ ಮಗುವೂ ಚೆನ್ನಾಗಿ ಕಾಣುವುದಿಲ್ಲ. ಕೈಕಾಲು ತಣ್ಣಗೆ, ಹೊಟ್ಟೆ ಬಿಸಿ, ನಡುಕ, ಮುಖ ಬಾಡಿರುತ್ತದೆ. ಆಗಿನ ಮುಖ ನೋಡಿ ತೀರ್ಮಾನಿಸಿದರೆ ಎಲ್ಲ ಮಕ್ಕಳನ್ನೂ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಔಷಧಿ ಕೊಟ್ಟು ಒಂದು, ಒಂದೂವರೆ ಗಂಟೆ ಆದ ಮೇಲೆ ಇನ್ನೊಮ್ಮೆ ನೋಡಬೇಕು. ಥರ್ಮಾಮೀಟರ್ ಎಷ್ಟಾದರೂ ತೋರಿಸಲಿ, ಮಗು ಎದ್ದು ಏನಾದರೂ ಕೇಳಿತಾ, ಕುಡಿಯಿತಾ? ಸಂಖ್ಯೆ ಇಳಿದೂ ಮಗು ಹಾಗೇ ಬಾಡಿದ್ದರೆ ಇಳಿದ ಸಂಖ್ಯೆಯಿಂದ ಸಮಾಧಾನ ಪಡುವ ಹಾಗಿಲ್ಲ. ದೊಡ್ಡ ಸೋಂಕಿನ ಜ್ವರವೂ ಪ್ಯಾರಸಿಟಮಾಲ್‌ಗೆ ಇಳಿಯುತ್ತದೆ.

ಐದನೆಯ ದಿನ

ಗುರುವಾರ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಡೆಂಗಿಯ ಎನ್‌ಎಸ್‌1 ಪಾಸಿಟಿವ್ ಬಂತು, ಅಂದರೆ ಇದು ಡೆಂಗಿಯೇ. ಹೆಮಟೋಕ್ರಿಟ್ 34, ಪ್ಲೇಟ್‌ಲೆಟ್ 1,60,000. ಹೆಮಟೋಕ್ರಿಟ್ ಅಂದರೆ ನೂರು ಭಾಗ ರಕ್ತದಲ್ಲಿ ಕೆಂಪು ಕಣಗಳದ್ದು ಎಷ್ಟು ಭಾಗ ಅನ್ನುವ ಲೆಕ್ಕ. ಮಗು ಕುಡಿಯುತ್ತಿತ್ತು, ಆಡುತ್ತಿತ್ತು. ಮನೆಗೆ ಕಳಿಸಿದೆ. ಶುಕ್ರವಾರವೂ ಹಾಗೇ, 102ರಿಂದ 103. ಇಡೀ ದಿನಕ್ಕೆ ಎರಡೇ ಸಲ ಪ್ಯಾರಸಿಟಮಾಲ್.

ನನ್ನ ತಪ್ಪು ಇಲ್ಲಿದೆ. ಗುರುವಾರದ ಚೀಟಿಯಲ್ಲಿ ವಾಂತಿ, ಹೊಟ್ಟೆನೋವು, ರಕ್ತ ಅಂತೆಲ್ಲ ಬರೆದಿದ್ದೆ. ಕೆಳಗೆ ಅಭ್ಯಾಸಬಲದಿಂದ 'ಜ್ವರ ಇಳಿಯದಿದ್ದರೆ ಶನಿವಾರ ಬನ್ನಿ' ಅಂತಲೂ ಬರೆದೆ. ಎರಡು ದಿನ ಕೂತು ಸಂಖ್ಯೆ ಬಿಡಿ ಅಂತ ಹೇಳಿದವಳೇ ಮತ್ತೆ ಸಂಖ್ಯೆಗೆ ಗಂಟು ಹಾಕಿದ್ದೆ. ಅದೂ ತಪ್ಪು ತುದಿಗೆ. ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಇಳಿಯುವಾಗ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ. ಆಗ ಸಣ್ಣ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತದೆ. ರಕ್ತ ಗಟ್ಟಿಯಾಗುತ್ತದೆ, ಒಳಗೆ ಓಡಾಡಲು ಸಾಲದೆ ಬರುತ್ತದೆ.

ಶನಿವಾರ ಬೆಳಿಗ್ಗೆ ಆರಕ್ಕೆ 98.4. ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿದರಂತೆ. ಚೀಟಿ ನೋಡಿದರೆ ಬರುವ ಅಗತ್ಯವೇ ಇಲ್ಲ, ಜ್ವರ ಇಳಿದಿದೆಯಲ್ಲ. ಅಪ್ಪ ಕೆಲಸಕ್ಕೆ ಹೊರಟರು. ತಾಯಿಗೆ ಮಾತ್ರ ಸಮಾಧಾನ ಇಲ್ಲ. ಟ್ರ್ಯಾಕ್ಟರ್ ಕೈಗೆ ಕೊಟ್ಟರೆ ಬಿಟ್ಟುಬಿಟ್ಟ. ಹಾಲು ಕುಡಿದಿದ್ದು ವಾಂತಿ, ಎಳನೀರೂ ವಾಂತಿ, ಒಂಬತ್ತರ ಹೊತ್ತಿಗೆ ಮೂರನೆಯ ಸಲ. ಹೊಟ್ಟೆ ಮುಟ್ಟಿದರೆ ಅಳು. ರಾತ್ರಿ ಹತ್ತರಿಂದ ಉಚ್ಚೆ ಹೋಗಿಲ್ಲ. ನೋಟ್‌ಬುಕ್ಕಿನಲ್ಲಿ ಆ ಹೊತ್ತಿನ ಸಾಲು ಹೀಗಿದೆ: '98.4. ಚೆನ್ನಾಗಿಲ್ಲ.'

ಹತ್ತಕ್ಕೆ ಕರೆತಂದರು. ಬುಧವಾರ ನನ್ನ ಮೇಜಿನ ಮೇಲೆ ನೀರು ಚೆಲ್ಲಿದ ಹುಡುಗ ತಾಯಿಯ ಹೆಗಲ ಮೇಲೆ ತಲೆ ಹಾಕಿ ಮಲಗಿದ್ದ. ಕೈಕಾಲು ತಣ್ಣಗೆ. ಬೆರಳ ತುದಿ ಒತ್ತಿ ಬಿಟ್ಟರೆ ಕೆಂಪು ಮರಳಲು ಮೂರು ಸೆಕೆಂಡಿಗೂ ಜಾಸ್ತಿ. ನಾಡಿ ನಿಮಿಷಕ್ಕೆ 150. ಜ್ವರ ಇದ್ದಾಗ ನಾಡಿ ಜೋರಾಗುವುದು ಸಹಜ. ಜ್ವರವೇ ಇಲ್ಲದೆ, ಅಳದೆ ಸುಮ್ಮನೆ ಮಲಗಿದ ಮಗುವಿಗೆ 150 ಯಾಕೆ? ಹೆಮಟೋಕ್ರಿಟ್ 41 ಆಗಿತ್ತು. 34ರಿಂದ 41, ನೂರಕ್ಕೆ ಇಪ್ಪತ್ತು ಭಾಗ ಏರಿಕೆ. ಸೋರಿಕೆ ಆಗುತ್ತಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಪ್ಲೇಟ್‌ಲೆಟ್ 62,000.

ಒಳಗೆ ಸೇರಿಸಿಕೊಂಡು ಡ್ರಿಪ್ ಹಾಕಿದೆವು. ರಕ್ತದೊತ್ತಡ ಇನ್ನೂ ಬಿದ್ದಿರಲಿಲ್ಲ, ಅದು ಪುಣ್ಯ. ಗಂಟೆಗೆ ಸುಮಾರು 80 ಮಿಲೀಯಿಂದ ಶುರುಮಾಡಿ, ನಾಡಿ, ಉಚ್ಚೆ, ಹೆಮಟೋಕ್ರಿಟ್ ನೋಡುತ್ತಾ ನಿಧಾನವಾಗಿ ಇಳಿಸಿದೆವು. ಕಡಿಮೆ ಕೊಟ್ಟರೆ ರಕ್ತದೊತ್ತಡ ಬಿದ್ದು ಮಗು ಶಾಕ್‌ಗೆ ಹೋಗುತ್ತದೆ, ಜಾಸ್ತಿ ಕೊಟ್ಟರೆ ಅದೇ ನೀರು ಶ್ವಾಸಕೋಶದ ಸುತ್ತ ತುಂಬುತ್ತದೆ. ಅಪ್ಪ ಪ್ಲೇಟ್‌ಲೆಟ್ ಕೊಡಿಸಬೇಕಾ ಅಂತ ನಾಲ್ಕು ಸಲ ಕೇಳಿದರು. ರಕ್ತಸ್ರಾವ ಇಲ್ಲದೆ 62,000ಕ್ಕೆ ಕೊಡುವುದಿಲ್ಲ. (ಅದೂ ಒಂದು ಸಂಖ್ಯೆಯ ಹುಚ್ಚೇ, ಅದರ ಕಥೆ ಇನ್ನೊಂದು ಸಲ.) ಮಧ್ಯಾಹ್ನ ಮೂರಕ್ಕೆ ಹಾಸಿಗೆ ಒದ್ದೆ ಮಾಡಿದ. ನಮ್ಮ ಸಿಸ್ಟರ್ ಅದನ್ನು ಓಡಿ ಬಂದು ಹೇಳಿದರು. ಭಾನುವಾರ ಹಸಿವು ಬಂತು. ಸೋಮವಾರ ಕಾಲೆಲ್ಲ ಕೆಂಪು ದದ್ದು, ತುರಿಕೆ. ಡೆಂಗಿ ವಾಸಿಯಾಗುವಾಗ ಅದು ಬರುವುದೇ. ಮನೆಗೆ ಕಳಿಸಿದೆ.

ನನ್ನ ಚೀಟಿ ಈಗ ಬದಲಾಗಿದೆ. 'ಜ್ವರ ಇಳಿಯದಿದ್ದರೆ' ಅನ್ನುವ ಸಾಲು ಹೋಗಿದೆ. ಡೆಂಗಿ ಅನುಮಾನ ಇರುವ ಮಗುವಾದರೆ 'ಜ್ವರ ಇಳಿದ ದಿನವೂ ತೋರಿಸಿ, ಚೆನ್ನಾಗಿದ್ದರೂ ತೋರಿಸಿ' ಅಂತ ಬರೆಯುತ್ತೇನೆ. ಯಾವ ಜ್ವರವಾದರೂ ಸರಿ, ಕುಡಿಯೋಕೆ ಆಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಫಿಟ್ಸ್ ಬಂದರೆ, ಉಸಿರಿಗೆ ಪಕ್ಕೆ ಸೆಳೆದರೆ ಆ ಗಂಟೆಯಲ್ಲೇ ಬನ್ನಿ, ಥರ್ಮಾಮೀಟರ್ ಹುಡುಕುತ್ತಾ ಕೂರಬೇಡಿ ಅಂತಲೂ ಸೇರಿಸಿದ್ದೇನೆ.

ಹೊರಡುವಾಗ ಅಜ್ಜಿ ಕೇಳಿದರು, 'ಹಂಗಾದ್ರೆ ಡಾಕ್ಟ್ರಮ್ಮ, ಆ ಥರ್ಮಾಮೀಟರ್ ಎತ್ತಿ ಬಿಸಾಕೋದಾ?'

ಬಿಸಾಕಬೇಡಿ ಅಂದೆ. ಅವರ ಮಗಳು ಬಾಣಂತನಕ್ಕೆ ಬಂದಿದ್ದಳು, ಮನೆಯಲ್ಲಿ ಐದು ವಾರದ ಕೂಸು ಇತ್ತು. ಎರಡು ಮೂರು ತಿಂಗಳೊಳಗಿನ ಕೂಸಿನ ಮುಖ ನೋಡಿ ಏನೂ ಹೇಳಲಾಗುವುದಿಲ್ಲ, ನನಗೂ ಆಗುವುದಿಲ್ಲ. ರಕ್ತದಲ್ಲಿ ಸೋಂಕು ಇರುವ ಕೂಸೂ ಮೊದಲ ಕೆಲವು ಗಂಟೆ ಮಾಮೂಲಿನ ಹಾಗೇ ಮಲಗಿರಬಹುದು. ಅಲ್ಲಿ ಸಂಖ್ಯೆಯೇ ತೀರ್ಮಾನ. ಕಂಕುಳಲ್ಲಿ ಒತ್ತಿಟ್ಟು ನೋಡಿದಾಗ 99.5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಇಲ್ಲವೇ 96ಕ್ಕಿಂತ ಕೆಳಗೆ ಹೋದರೆ, ಮನೆಯಲ್ಲಿ ಒಂದು ಹನಿ ಔಷಧಿ ಹಾಕದೆ, ರಾತ್ರಿಯಾಗಿದ್ದರೂ ಸರಿ, ಎತ್ತಿಕೊಂಡು ಬನ್ನಿ ಅಂದೆ.

ತಾಯಿ ಆ ಎರಡು ಸಂಖ್ಯೆಯನ್ನು ಹಾಲಿನ ಲೆಕ್ಕದ ಪುಸ್ತಕದ ರಟ್ಟಿನ ಮೇಲೆ ಬರೆದುಕೊಂಡರು.